ತೇಗಕ್ಕೆ ಗಾಢ, ಪೈನ್‌ಗೆ ತೆಳು: ಒಂದೇ ಮೇಜಿಗೆ ಎರಡು ಬಣ್ಣ ಆರಿಸಿದ ಕೆಲಸದ ಟಿಪ್ಪಣಿ

ಅಕ್ಕನ ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಬರೆಯುವ ಮೇಜು ಹೋದ ತಿಂಗಳು ನನ್ನ ಕೆಲಸದ ಕೋಣೆಗೆ ಬಂತು. ನಾಲ್ಕು ಕಾಲು, ಎರಡು ಡ್ರಾಯರ್, ಮೇಲೆ ಮೂರು ಹಲಗೆ ಜೋಡಿಸಿದ ಪೀಠ. ಎಲ್ಲದರ ಮೇಲೂ ಕಂದು ಎನಾಮಲ್ ಪೇಂಟ್, ಒಂದರ ಮೇಲೊಂದು ಎರಡು ಮೂರು ಸಲ ಬಳಿದದ್ದು. ಬೆರಳಾಡಿಸಿದರೆ ಮರ ಮುಟ್ಟಿದಂತೆಯೇ ಇರಲಿಲ್ಲ.

"ಒಳಗಿರೋದು ಒಳ್ಳೇ ಮರ ಅಂತ ಅಮ್ಮ ಹೇಳ್ತಿದ್ದರು ಕಣೋ," ಅಂದಳು ಅಕ್ಕ. "ಯಾವ ಬಣ್ಣ ಬೇಕಾದ್ರೂ ಹಾಕು. ಆದ್ರೆ ಮರ ಮರದ ಹಾಗೇ ಕಾಣ್ಬೇಕು."

ನನಗೆ ಸಿಕ್ಕ ಸೂಚನೆ ಇಷ್ಟೇ. ಇದನ್ನು ಪಾಲಿಸುವುದಕ್ಕೆ ಡಬ್ಬಿಯ ಮೇಲಿನ ಬಣ್ಣದ ಚೀಟಿ ನೋಡಿದರೆ ಸಾಲದು ಅನ್ನುವುದು ಈ ಕೆಲಸದಲ್ಲಿ ನನಗೆ ಸರಿಯಾಗಿ ಮನದಟ್ಟಾಯಿತು. ಬಣ್ಣ ಯಾವುದು ಅನ್ನುವುದಕ್ಕಿಂತ ಆ ಮರ ಬಣ್ಣವನ್ನು ಎಲ್ಲಿ ಕುಡಿಯುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. ಒಂದೇ ಮೇಜಿನಲ್ಲಿ ಎರಡು ಜಾತಿಯ ಮರ ಸಿಕ್ಕಿದ್ದರಿಂದ ಎರಡು ಬಗೆಯ ಉತ್ತರವೂ ಸಿಕ್ಕಿತು. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಪೇಂಟ್ ತೆಗೆದ ಎರಡು ದಿನ

ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದರೆ ಒಂದು ಮಾತು ಬಿಡುವಂತಿಲ್ಲ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಪರೀಕ್ಷಿಸದೆ ಒಣ ಮರಳು ಕಾಗದ ಹಿಡಿದು ಉಜ್ಜಬಾರದು. ಆ ಧೂಳು ಶ್ವಾಸಕ್ಕೂ ಕೆಟ್ಟದ್ದು, ನೆಲದ ಮೇಲೆ ಆಡುವ ಮಕ್ಕಳಿಗೆ ಇನ್ನೂ ಕೆಟ್ಟದ್ದು. ಪರೀಕ್ಷಾ ಕಡ್ಡಿಯಲ್ಲಿ ಸೀಸ ಕಾಣಲಿಲ್ಲ. ಆದರೂ ಪೇಂಟ್ ಕರಗಿಸುವ ಜೆಲ್ ಹಚ್ಚಿ, ಒದ್ದೆಯಾಗಿರುವಾಗಲೇ ಮೊಂಡು ಪಟ್ಟಿಯಿಂದ ಎಬ್ಬಿಸಿದೆ. ಕೈಗವಸು ಹಾಕಿಕೊಂಡು, ಕಿಟಕಿ ಬಾಗಿಲು ತೆರೆದಿಟ್ಟು ಮಾಡಿದ ಕೆಲಸ.

ಪೇಂಟಿನ ಕೆಳಗೆ ಕೆಂಪುಗಂದಿನ ಇನ್ನೊಂದು ಪದರ ಬಂತು. ಬಟ್ಟೆಯ ತುದಿಗೆ ಸ್ಪಿರಿಟ್ ಹಾಕಿ ಒಂದು ನಿಮಿಷ ಒತ್ತಿ ಹಿಡಿದೆ. ಪದರ ಅಂಟಂಟಾಗಿ ಬಟ್ಟೆಗೆ ಹತ್ತಿತು. ಅಂದರೆ ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದ್ದರೆ ಲ್ಯಾಕರ್ ಅನ್ನಬಹುದಿತ್ತು. ಎರಡಕ್ಕೂ ಅಲುಗಾಡದಿದ್ದರೆ ವಾರ್ನಿಷ್ ಇರಬಹುದು. ಮೊದಲಿನವರು ಅರಗಿನ ಜೊತೆ ಕೆಂಪು ಬಣ್ಣ ಬೆರೆಸಿ ಹಚ್ಚಿದ್ದರು. ಪಾಲಿಶ್ ಎಲ್ಲ ಹೋದ ಮೇಲೂ ಅದರ ಕೆಂಪು ಮರದೊಳಗೆ ಸ್ವಲ್ಪ ಉಳಿದುಕೊಂಡಿತು. ಬಣ್ಣ ಆರಿಸುವಾಗ ಈ ಕೆಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಪೀಠವೂ ಕಾಲುಗಳೂ ತೇಗ. ಡ್ರಾಯರುಗಳ ಮುಂಭಾಗ ಮಾತ್ರ ಪೈನ್! ಯಾವಾಗಲೋ ಮುರಿದದ್ದಕ್ಕೆ ಹೊಸ ಹಲಗೆ ಕೂರಿಸಿ, ವ್ಯತ್ಯಾಸ ಕಾಣದಿರಲಿ ಎಂದೇ ಇಡೀ ಮೇಜಿಗೆ ಪೇಂಟ್ ಬಳಿದಿರಬೇಕು. ತೇಗದ ಮುಂದೆ ಆ ಹಲಗೆಗಳು ಹಳದಿಗೆ ತಿರುಗಿದ ಕಾಗದದಂತೆ ಕಂಡವು, ನಡುನಡುವೆ ಗಂಟುಗಳು.

ಬಣ್ಣ ಹಚ್ಚುವ ಮೊದಲು ಮರ ಓದಿದ್ದು

ತೇಗದ ಪೀಠವನ್ನು 120, 150, 180 ನಂಬರಿನ ಮರಳು ಕಾಗದದಿಂದ ಎಳೆಯ ಉದ್ದಕ್ಕೇ ಉಜ್ಜಿ 180ಕ್ಕೆ ನಿಲ್ಲಿಸಿದೆ. ಇನ್ನೂ ನುಣುಪು ಮಾಡುವ ಆಸೆ ಬರುತ್ತದೆ, ಆದರೆ ಮರ ನುಣುಪಾದಷ್ಟೂ ಬಣ್ಣ ಹಿಡಿಯುವುದು ಕಡಿಮೆ. ಎಳೆಗೆ ಅಡ್ಡವಾಗಿ ಉಜ್ಜಿದ ಒಂದು ಗೀರು ಒಣ ಮರದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಮರಕ್ಕೆ ಬಣ್ಣ ಕುಡಿಸುವ ದ್ರವ, ಅಂದರೆ ಸ್ಟೇನ್, ಬಿದ್ದ ಕೂಡಲೇ ಪೆನ್ಸಿಲ್‌ನಿಂದ ಎಳೆದಂತೆ ಎದ್ದು ನಿಲ್ಲುತ್ತದೆ. ಅದನ್ನು ಮೊದಲೇ ಹಿಡಿಯಲು ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ತಾಗಿಸಿದಂತೆ ಮಲಗಿಸಿ ನೋಡಿದೆ. ಬಲಮೂಲೆಯಲ್ಲಿ ಅಂಗೈ ಅಗಲದ ಜಾಗ ಮತ್ತೆ ಉಜ್ಜಬೇಕಾಯಿತು.

ಆಮೇಲೆ ಬಟ್ಟೆಗೆ ಟರ್ಪೆಂಟೈನ್ ಹಾಕಿ ಪೀಠದ ಮೇಲೆಲ್ಲ ಒರೆಸಿದೆ. ಯಾವ ಬಣ್ಣವೂ ಹಾಕದೆ ಬರೀ ವಾರ್ನಿಷ್ ಹಚ್ಚಿದರೆ ಮರ ಹೇಗೆ ಕಾಣುತ್ತದೆ ಅನ್ನುವುದು ಅದು ಆರುವ ತನಕ, ಕೆಲವು ನಿಮಿಷ, ಕಣ್ಣ ಮುಂದೆ ಇರುತ್ತದೆ. ಬಣ್ಣದ ಡಬ್ಬಿ ಕೊಳ್ಳುವ ಮೊದಲು ಎಲ್ಲರೂ ಇದನ್ನು ಮಾಡಬೇಕು ಅನ್ನುತ್ತೇನೆ. ಎಷ್ಟೋ ಸಲ ಬಣ್ಣವೇ ಬೇಡ ಅನ್ನಿಸಿಬಿಡುತ್ತದೆ.

ಇಲ್ಲಿ ಹಾಗೆ ಅನ್ನಿಸಲಿಲ್ಲ, ಅದಕ್ಕೆ ಎರಡು ಕಾರಣ. ಒಂದು, ಹಳೆಯ ಕೆಂಪು ಅಲ್ಲಲ್ಲಿ ಮೋಡದಂತೆ ಉಳಿದಿತ್ತು. ಎರಡು, ಹಿಂದಿನ ಹಲಗೆಯ ಅಂಚಿನಲ್ಲಿ ನಾಲ್ಕು ಬೆರಳಗಲ ಚೇಗು, ಅಂದರೆ ಕಾಂಡದ ನಡುವಿನ ಗಾಢ ಬಣ್ಣದ ಮರ, ಇರಲಿಲ್ಲ. ಅದು ಚೇಗಿನ ಸುತ್ತ ಬೆಳೆಯುವ ಬಿಳಿ ಮರ. ಉಳಿದ ಪೀಠ ಹೊಂಗಂದು, ಆ ಪಟ್ಟಿ ಮಾತ್ರ ಮಂಕು ಹಳದಿ. ಈ ಎರಡನ್ನೂ ಸರಿದೂಗಿಸಬೇಕು, ಅದಕ್ಕಿಂತ ಹೆಚ್ಚಿನ ಬಣ್ಣ ತೇಗಕ್ಕೆ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ.

ಪೀಠದ ಅಡಿಯಲ್ಲಿ ಐದು ಚೌಕ

ಸ್ಟೇನ್ ಅಂದರೆ ಎಲ್ಲವೂ ಒಂದೇ ಅಲ್ಲ. ಒಂದರಲ್ಲಿ ಬಣ್ಣದ ಪುಡಿ ಎಣ್ಣೆಯಲ್ಲೋ ನೀರಿನಲ್ಲೋ ತೇಲಿಕೊಂಡಿರುತ್ತದೆ. ಡಬ್ಬಿ ಅಲುಗಾಡದೆ ಇದ್ದರೆ ತಳದಲ್ಲಿ ಕೆಸರಿನಂತೆ ಕೂರುವುದು ಇದೇ ಪಿಗ್ಮೆಂಟ್. ಇದರ ಕಣ ದೊಡ್ಡದು, ಮರದ ನಾರಿನೊಳಕ್ಕೆ ಇಳಿಯುವುದಿಲ್ಲ. ರಂಧ್ರ, ಗೀರು, ತಗ್ಗು ಎಲ್ಲಿ ಸಿಗುತ್ತದೋ ಅಲ್ಲಿ ಕೂರುತ್ತದೆ. ಇನ್ನೊಂದು ಡೈ. ಅದು ಚಹಾದ ಬಣ್ಣದಂತೆ ಪೂರ್ತಿ ಕರಗಿರುತ್ತದೆ, ನಾರಿನೊಳಗೇ ಇಳಿಯುತ್ತದೆ, ಅದರ ಮೂಲಕ ಮರ ಕಾಣುತ್ತಲೇ ಇರುತ್ತದೆ. ಮಾರುವ ಎಷ್ಟೋ ಡಬ್ಬಿಗಳಲ್ಲಿ ಎರಡೂ ಸೇರಿರುತ್ತವೆ. ನಾನು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡೆ, ಯಾವುದು ಎಲ್ಲಿ ಕೂರುತ್ತದೆ ಎಂದು ನೋಡಬೇಕಿತ್ತು.

ಬೇರೆ ಮರದ ತುಂಡಿನ ಮೇಲೆ ಬಣ್ಣ ನೋಡಿ ಪ್ರಯೋಜನವಿಲ್ಲ. ಪೀಠದ ಅಡಿಭಾಗವನ್ನೇ ಮೇಲಿನಷ್ಟೇ, 180ರ ತನಕ ಉಜ್ಜಿ, ಟೇಪ್ ಅಂಟಿಸಿ ಐದು ಚೌಕ ಮಾಡಿದೆ. ಮೊದಲನೆಯದು ಬರೀ ಮರ. ಎರಡನೆಯದು ಗಾಢ ವಾಲ್‌ನಟ್ ಬಣ್ಣದ ಪಿಗ್ಮೆಂಟ್ ಸ್ಟೇನ್, ಹಚ್ಚಿ ಐದು ನಿಮಿಷಕ್ಕೆ ಒರೆಸಿದ್ದು. ಮೂರನೆಯದು ಅದೇ ಸ್ಟೇನ್, ಆದರೆ ಎರಡು ಸಲ. ನಾಲ್ಕು, ಐದರಲ್ಲಿ ನೀರಿನಲ್ಲಿ ಕರಗುವ ಕಂದು ಡೈ. 200 ಮಿಲಿಲೀಟರ್ ಬಿಸಿನೀರಿಗೆ 3 ಗ್ರಾಂ ಪುಡಿ ಹಾಕಿ ಆರಿಸಿದ್ದು ಪೂರ್ಣ ಹದ, ಅದರ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದ್ದು ಕಾಲು ಹದ. ಪ್ರತಿ ಚೌಕದ ಅರ್ಧಕ್ಕೆ ಅರಗು, ಅದರ ಮೇಲೆ ವಾರ್ನಿಷ್. ಈ ಅರ್ಧವನ್ನು ಬಿಡಬಾರದು. ಸ್ಟೇನ್ ಒದ್ದೆಯಿದ್ದಾಗ ಒಂದು ಬಣ್ಣ, ಒಣಗಿದಾಗ ಸತ್ತಂಥ ಬೂದಿ ಬಣ್ಣ, ವಾರ್ನಿಷ್ ಬಿದ್ದ ಮೇಲೆ ಮತ್ತೆ ಬೇರೆ. ಕೊನೆಯದೇ ನಿಜವಾದ ಬಣ್ಣ.

ಮಾರನೆಯ ದಿನ ಮೇಜು ತಿರುಗಿಸಿ ನೋಡಿದೆ. ಗಾಢ ಪಿಗ್ಮೆಂಟ್ ಒಂದು ಸಲ ಹಚ್ಚಿದ ಕಡೆ ತೇಗದ ರಂಧ್ರಗಳೆಲ್ಲ ಕಪ್ಪು ಗೆರೆಗಳಾಗಿ ಎದ್ದಿದ್ದವು. ಎಳೆ ಕಾಣುತ್ತಿತ್ತು, ಮೊದಲಿಗಿಂತ ಜೋರಾಗಿಯೇ. ಆದರೆ ಎರಡು ಸಲ ಹಚ್ಚಿದ ಕಡೆ ರಂಧ್ರ ತುಂಬಿ ಉಳಿದ ಪುಡಿ ನಡುವಿನ ಬಯಲಿಗೂ ಹತ್ತಿ, ಕೆಸರು ನೀರಿನಲ್ಲಿ ನೋಡಿದಂತೆ ಮರ ಮಸುಕಾಗಿತ್ತು. ತೇಗದ ಹೊಳಪು ಬೆಳಕಿಗೆ ಓಲಾಡುತ್ತದಲ್ಲ, ಅದು ಪೂರ್ತಿ ಹೋಗಿತ್ತು. ನನಗೆ ಈ ಕೆಲಸ ಕಲಿಸಿದ ಹಿರಿಯ ಬಡಗಿಯೊಬ್ಬರು "ಒರೆಸದೆ ಬಿಟ್ಟ ಸ್ಟೇನು ಪೇಂಟೇನಪ್ಪಾ" ಅನ್ನುತ್ತಿದ್ದರು. ಮೂರನೆಯ ಚೌಕ ಅದೇ ಆಗಿತ್ತು.

ಡೈ ಬೇರೆ ತರಹ. ಪೂರ್ಣ ಹದದಲ್ಲಿ ಮರ ಆಳವಾಗಿ ಕಂದಾಗಿತ್ತು, ಮಸುಕಿರಲಿಲ್ಲ, ಆದರೆ ರಂಧ್ರಕ್ಕೂ ಬಯಲಿಗೂ ಇದ್ದ ವ್ಯತ್ಯಾಸ ಕಡಿಮೆಯಾಗಿತ್ತು. ಡೈ ಎಲ್ಲವನ್ನೂ ಒಟ್ಟಿಗೆ ಗಾಢ ಮಾಡುತ್ತದೆ. ಕಾಲು ಹದದಲ್ಲಿ ತೇಗ ತೇಗವಾಗಿಯೇ ಉಳಿದು, ಒಂದು ಛಾಯೆ ಇಳಿದಿತ್ತು ಅಷ್ಟೇ.

ಅಲ್ಲಿಗೆ ದಾರಿ ತೋಚಿತು. ಬಯಲಿಗೆ ಕಾಲು ಹದದ ಡೈ, ರಂಧ್ರಕ್ಕೆ ಮಾತ್ರ ಪಿಗ್ಮೆಂಟ್. ಎರಡರ ನಡುವೆ ತೆಳು ಅರಗಿನ ಒಂದು ಪದರ ಬೇಕು. ಅದು ಬಯಲಿನ ನಾರನ್ನು ಮುಚ್ಚುತ್ತದೆ, ತೇಗದ ದೊಡ್ಡ ರಂಧ್ರ ತುಂಬುವಷ್ಟು ದಪ್ಪವಿರುವುದಿಲ್ಲ. ಆಮೇಲೆ ಹಚ್ಚಿದ ಪಿಗ್ಮೆಂಟನ್ನು ಒರೆಸಿದರೆ ಬಯಲಿನಿಂದ ಬಂದುಬಿಡುತ್ತದೆ, ರಂಧ್ರದಲ್ಲಿ ಉಳಿಯುತ್ತದೆ.

ಯಾವ ಕಂದು?

ಕಂದು ಅಂದರೆ ಒಂದೇ ಬಣ್ಣವಲ್ಲ. ಟ್ಯೂಬಿನಲ್ಲಿ ಸಿಗುವ ಎರಡು ಕಂದು ಪಿಗ್ಮೆಂಟ್‌ಗಳಲ್ಲಿ ಬರ್ಂಟ್ ಅಂಬರ್ ಕೆಂಪಿನ ಕಡೆ ವಾಲುತ್ತದೆ, ರಾ ಅಂಬರ್ ಹಸಿರಿನ ಕಡೆ. ಎರಡನ್ನೂ ಬಿಳಿ ಕಾಗದದ ಮೇಲೆ ಬೆರಳಿನಿಂದ ತೆಳುವಾಗಿ ಸವರಿದರೆ ಇದು ಸ್ಪಷ್ಟವಾಗುತ್ತದೆ. ಟ್ಯೂಬಿನಿಂದ ಹಿಂಡಿದ ರಾಶಿಯಲ್ಲಿ ಎರಡೂ ಕಪ್ಪಾಗಿಯೇ ಕಾಣುತ್ತವೆ.

ನನ್ನ ಮೇಜಿನಲ್ಲಿ ಹಳೆಯ ಕೆಂಪು ಉಳಿದಿತ್ತು. ಕೆಂಪಿನ ಮೇಲೆ ಕೆಂಪು ವಾಲಿದ ಕಂದು ಹಾಕಿದ್ದರೆ ಮೋಡಗಳು ಇನ್ನೂ ಎದ್ದು ಕಾಣುತ್ತಿದ್ದವು. ಸ್ಟೇನ್ ಮರದ ಬಣ್ಣವನ್ನು ತೆಗೆದುಹಾಕುವುದಿಲ್ಲ, ಅದರ ಮೇಲೆ ಸೇರುತ್ತದೆ. ಆದ್ದರಿಂದ ಮರದಲ್ಲಿ ಬೇಡವಾದ ಛಾಯೆ ಯಾವುದೋ ಅದಕ್ಕೆ ಎದುರಾದ ಬಣ್ಣದ ಕಡೆ ವಾಲುವ ಕಂದು ಹುಡುಕಬೇಕು. ಕೆಂಪಿಗೆ ಹಸಿರು ಎದುರು, ಕಿತ್ತಳೆಗೆ ನೀಲಿ ಎದುರು. ಹಾಗಾಗಿ ರಾ ಅಂಬರ್ ಆರಿಸಿದೆ. ಸ್ಟೇನ್‌ನಿಂದ ತಿಳಿ ಮರವನ್ನು ಗಾಢ ಮಾಡಬಹುದೇ ಹೊರತು ಗಾಢವನ್ನು ತಿಳಿ ಮಾಡಲಾಗುವುದಿಲ್ಲ. ಪೀಠದ ಅತಿ ಕಪ್ಪು ಜಾಗ ಯಾವುದೋ ಅದಕ್ಕಿಂತ ತಿಳಿಯಾದ ಏಕರೂಪ ಬಣ್ಣ ಸ್ಟೇನ್‌ನಿಂದ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡಿದ್ದೆ.

ಅಡಿಭಾಗದಲ್ಲಿ ಆರನೆಯ ಚೌಕ ಮಾಡಿ ಪೂರ್ತಿ ಕ್ರಮ ಹಚ್ಚಿ ನೋಡಿದೆ. ಹಗಲು ಕಿಟಕಿಯ ಬಳಿ ಅದು ಸ್ವಲ್ಪ ಹಸಿರೇ ಅನ್ನಿಸಿ ಮನಸ್ಸು ಹಿಂಜರಿಯಿತು. ಸಂಜೆ ಹಳದಿ ಬೆಳಕಿನ ಬಲ್ಬ್ ಕೆಳಗೆ ಹಸಿರಿನ ಸುಳಿವೇ ಇಲ್ಲ, ಬೆಚ್ಚನೆಯ ಕಂದು. ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ಮೇಜು ಎಲ್ಲಿಡುತ್ತೀಯ, ಅಲ್ಲಿ ಯಾವ ದೀಪ ಇದೆ ಎಂದು. ಕಿಟಕಿಯಿಂದ ದೂರದ ಗೋಡೆ, ಹಳದಿ ದೀಪ ಅಂದಳು. ಹಾಗಾದರೆ ಇದೇ ಸರಿ. ಅವಳು ಕಿಟಕಿ ಪಕ್ಕ ಅಂದಿದ್ದರೆ ರಾ ಅಂಬರ್‌ಗೆ ಕಾಲು ಭಾಗ ಬರ್ಂಟ್ ಅಂಬರ್ ಬೆರೆಸುತ್ತಿದ್ದೆ.

ತೇಗದ ಮೇಲೆ ಕೆಲಸ

ತೇಗದಲ್ಲಿ ತನ್ನದೇ ಎಣ್ಣೆಯಂಥ ಅಂಶವಿದೆ. ಅದು ನೀರಿನ ಡೈಯನ್ನು ಅಲ್ಲಲ್ಲಿ ತಳ್ಳುತ್ತದೆ, ಎಣ್ಣೆ ವಾರ್ನಿಷ್ ಒಣಗುವುದನ್ನೂ ತಡಮಾಡುತ್ತದೆ. ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಹಳದಿಯಾಗುವುದು ನಿಲ್ಲುವವರೆಗೂ ಬದಲಿಸುತ್ತ ಹೋದೆ. ಆಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಸವರಿ ಒಣಗಿಸಿದೆ. ನೀರು ಬಿದ್ದಾಗ ನಾರು ಏಳುತ್ತದೆ. ಎದ್ದದ್ದನ್ನು 220ರ ಕಾಗದದಿಂದ ಹಗುರವಾಗಿ ಕೈಯಲ್ಲೇ ತೆಗೆದರೆ ಡೈ ಹಚ್ಚಿದ ಮೇಲೆ ಮತ್ತೆ ಹೆಚ್ಚು ಏಳುವುದಿಲ್ಲ.

ಮೊದಲು ಬಿಳಿ ಮರದ ಪಟ್ಟಿ. ಅದು ಹಳದಿ, ಪಕ್ಕದ ಚೇಗು ಹೊಂಗಂದು. ಅರ್ಧ ಹದದ ಡೈಯನ್ನು ಸಣ್ಣ ಕುಂಚದಿಂದ ಪಟ್ಟಿಗೆ ಮಾತ್ರ ಹಚ್ಚುತ್ತ ಹೋದೆ. ಚೇಗಿನ ಗಡಿಗೆ ಬಂದಾಗ ಕುಂಚ ಹೆಚ್ಚು ತುಂಬಿಕೊಂಡಿತ್ತು. ಗಡಿಯುದ್ದಕ್ಕೂ ಎರಡು ಸಲ ಬಿದ್ದ ಜಾಗ ಕಪ್ಪು ಅಂಚಾಗಿ ಕಂಡಿತು. ತಕ್ಷಣ ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಎಬ್ಬಿಸಿದೆ, ಅಂಚು ಕರಗಿತು. ನೀರಿನ ಡೈಯನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಅದನ್ನು ಒದ್ದೆ ಮಾಡಿ ಸ್ವಲ್ಪ ಹಿಂದಕ್ಕೆ ತೆಗೆಯಬಹುದು. ಒಣಗಿದ ಎಣ್ಣೆ ಸ್ಟೇನನ್ನು ಉಜ್ಜಿಯೇ ತೆಗೆಯಬೇಕು. ಎರಡನೆಯ ಪ್ರಯತ್ನದಲ್ಲಿ ಕುಂಚವನ್ನು ಬಟ್ಟೆಗೆ ಒತ್ತಿ ಬಹುತೇಕ ಒಣಗಿಸಿಕೊಂಡು, ಗಡಿಯಾಚೆಗೆ ಒಂದು ಬೆರಳಷ್ಟು ದೂರ ನಾರಿನ ಉದ್ದಕ್ಕೆ ಚಿಕ್ಕದೊಡ್ಡ ಗೆರೆಗಳನ್ನು ಎಳೆದೆ. ಗಡಿ ನೇರ ಗೆರೆಯಾಗಿ ಉಳಿಯದೆ ಎಳೆಯೊಳಗೆ ಕಲೆತುಹೋಯಿತು.

ಒಣಗಿದ ಮೇಲೆ ಇಡೀ ಪೀಠಕ್ಕೆ ಕಾಲು ಹದ. ಹಲಗೆಗಳ ತುದಿ, ಅಂದರೆ ನಾರು ಕಡಿದು ನಿಂತ ಕಡೆ, ಯಾವ ದ್ರವವನ್ನಾದರೂ ಹುಲ್ಲಿನ ಕಡ್ಡಿಗಳ ಕಟ್ಟಿನಂತೆ ಹೀರುತ್ತದೆ, ಕಪ್ಪಾಗುತ್ತದೆ. ಆ ತುದಿಗಳನ್ನು ಮಾತ್ರ 320ರ ತನಕ ಉಜ್ಜಿ, ಡೈಗೆ ಮೊದಲು ಬರೀ ನೀರು ಕುಡಿಸಿದ್ದೆ. ಪೂರ್ತಿ ಸರಿಯಾಗಲಿಲ್ಲ, ಪಕ್ಕದ ಮುಖಕ್ಕಿಂತ ಒಂದು ಛಾಯೆ ಗಾಢವೇ. ತೇಗದ ಮೇಜಿಗೆ ಅದು ಒಗ್ಗುತ್ತದೆ ಅನ್ನಿಸಿ ಬಿಟ್ಟೆ.

ಮರುದಿನ ಮೇಣ ತೆಗೆದ ಅರಗು, ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಲೆಕ್ಕದಲ್ಲಿ ಕರಗಿಸಿದ್ದು, ಒಂದೇ ಕೈ. ಎರಡು ಗಂಟೆ ಬಿಟ್ಟು 320ರ ಹಳೆಯ ಕಾಗದದಿಂದ ಬಹಳ ಹಗುರವಾಗಿ ಸವರಿದೆ. ಬಲ ಹಾಕಿದರೆ ಅರಗು ಸವೆದು ಡೈಗೆ ತಾಗುತ್ತದೆ, ಅಂಚುಗಳಲ್ಲಿ ಬಣ್ಣವಿಲ್ಲದ ಮರ ಇಣುಕುತ್ತದೆ. ನಂತರ ಕಲಾವಿದರು ಬಳಸುವ ರಾ ಅಂಬರ್ ಎಣ್ಣೆ ಬಣ್ಣ ಒಂದು ಸಣ್ಣ ಚಮಚ, ಅದಕ್ಕೆ ನಾಲ್ಕು ಚಮಚ ವಾರ್ನಿಷ್, ನಾಲ್ಕು ಚಮಚ ಟರ್ಪೆಂಟೈನ್. ಬಟ್ಟೆಯಿಂದ ಸುತ್ತಿ ಸುತ್ತಿ ರಂಧ್ರಗಳೊಳಗೆ ಇಳಿಸಿ, ಹತ್ತು ನಿಮಿಷದ ಬಳಿಕ ಎಳೆಗೆ ಅಡ್ಡವಾಗಿ ಒರೆಸಿ, ಕೊನೆಯ ಒರೆಸು ಮಾತ್ರ ಉದ್ದಕ್ಕೆ. ಮೊದಲೇ ಉದ್ದಕ್ಕೆ ಒರೆಸಿದರೆ ಬಟ್ಟೆ ರಂಧ್ರದೊಳಗಿನ ಬಣ್ಣವನ್ನೇ ಎಳೆದುಕೊಂಡು ಬರುತ್ತದೆ.

ಬಟ್ಟೆ ಹಿಂದೆ ಸರಿದಂತೆಲ್ಲ ಗೆರೆಗಳು ಒಂದೊಂದಾಗಿ ತೇಲಿ ಬಂದವು. ಕೆಂಪು ಮೋಡ ಹುಡುಕಿದರೆ ಮಾತ್ರ ಸಿಗುವಷ್ಟಾಯಿತು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅವು ತಾವಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿದೆ.

ಪೈನ್ ಡ್ರಾಯರಿನಲ್ಲಿ ಆದ ತಪ್ಪು

ತೇಗದ ಕೆಲಸ ಚೆನ್ನಾಗಿ ಬಂದ ಹುರುಪಿನಲ್ಲಿ ಪೈನನ್ನೂ ತೇಗದಂತೆ ಮಾಡಿಬಿಡೋಣ ಎಂದು ಹೊರಟೆ. ಒಂದು ಡ್ರಾಯರಿನ ಮುಂಭಾಗಕ್ಕೆ, ಪರೀಕ್ಷಾ ಚೌಕವನ್ನೂ ಮಾಡದೆ, ಕಂದು ಪಿಗ್ಮೆಂಟ್ ಸ್ಟೇನ್ ಹಚ್ಚಿ ಒರೆಸಿದೆ. ಎರಡು ನಿಮಿಷದಲ್ಲಿ ಹಲಗೆ ಗುರುತೇ ಸಿಗದಂತಾಯಿತು. ಮೊದಲು ತಿಳಿಯಾಗಿದ್ದ ಅಗಲ ಪಟ್ಟಿಗಳೆಲ್ಲ ಕಪ್ಪು, ಮೊದಲು ಗಾಢವಾಗಿದ್ದ ಸಣ್ಣ ಗೆರೆಗಳೆಲ್ಲ ತಿಳಿ. ಹಳೆಯ ಫೋಟೋದ ನೆಗೆಟಿವ್ ನೋಡಿದ ಹಾಗೆ. ಜೊತೆಗೆ ಗಂಟುಗಳ ಸುತ್ತ ಕಲೆ ಬಿದ್ದಂತೆ ತೇಪೆಗಳು.

ಕಾರಣ ಪೈನ್ ಬೆಳೆಯುವ ರೀತಿಯಲ್ಲೇ ಇದೆ. ಪ್ರತಿ ವರ್ಷದ ಉಂಗುರದಲ್ಲಿ ಮೊದಲು ಬೆಳೆದ ಭಾಗ ಮೃದು, ತಿಳಿ. ಕೊನೆಗೆ ಬೆಳೆದದ್ದು ಗಟ್ಟಿ, ಜೇನಿನ ಬಣ್ಣ. ನಾವು ಎಳೆ ಎಂದು ನೋಡುವುದು ಆ ಗಟ್ಟಿ ಗೆರೆಯನ್ನು. ಆದರೆ ಬಣ್ಣ ಕುಡಿಯುವುದು ಮೃದುವಾದ ತಿಳಿ ಪಟ್ಟಿ. ಗಾಢ ಬಣ್ಣ ಅಲ್ಲಿ ತುಂಬಿಕೊಂಡಾಗ ತಿಳಿ ಇದ್ದದ್ದು ಕಪ್ಪಾಗಿ ಎಳೆ ತಲೆಕೆಳಗಾಗುತ್ತದೆ. ತೇಗದಲ್ಲಿ ಹೀಗಾಗಲಿಲ್ಲ, ಏಕೆಂದರೆ ಅಲ್ಲಿ ಪಿಗ್ಮೆಂಟ್ ಕೂರುವ ರಂಧ್ರಗಳೇ ಮೊದಲಿನಿಂದಲೂ ಗಾಢ ಗೆರೆಯಾಗಿ ಕಾಣುತ್ತವೆ. ಗಾಢ ಬಣ್ಣ ಅವನ್ನು ಇನ್ನಷ್ಟು ಗಾಢ ಮಾಡಿತು, ಅಷ್ಟೇ.

ಇದು ತಿಳಿದ ಮೇಲೆ ಪೈನ್‌ನ ಉತ್ತರ ತಾನಾಗಿ ಹೊಳೆಯಿತು. ಕುಡಿಯುವ ಜಾಗ ತಿಳಿಯಾಗಿದ್ದರೆ ಕುಡಿಸುವ ಬಣ್ಣವೂ ತಿಳಿಯೇ ಇರಬೇಕು. ಆಗ ತಿಳಿ ಪಟ್ಟಿ ಇನ್ನೂ ತಿಳಿಯಾಗುತ್ತದೆ, ಗಟ್ಟಿ ಗೆರೆ ಬಣ್ಣ ಹಿಡಿಯದೆ ಜೇನಿನ ಬಣ್ಣದಲ್ಲೇ ಉಳಿಯುತ್ತದೆ. ಗಾಢವೇ ಬೇಕು ಅನ್ನುವವರಿಗೆ ಬೇರೆ ದಾರಿಯಿದೆ: ಮೊದಲು ಅರಗಿನ ತೆಳು ಕೈ ಕೊಟ್ಟು ಹೀರುವುದನ್ನು ತಡೆದು, ಮೇಲೆ ಗಂಜಿಯಂತೆ ದಪ್ಪಗಿರುವ ಜೆಲ್ ಸ್ಟೇನ್. ಇನ್ನೊಂದು ಡ್ರಾಯರಿನ ಒಳಬದಿಯಲ್ಲಿ ಅದನ್ನೂ ಮಾಡಿ ನೋಡಿದೆ. ತೇಪೆ ಬಹಳ ಕಡಿಮೆಯಾಯಿತು, ಎಳೆ ತಲೆಕೆಳಗಾಗಲಿಲ್ಲ. ಆದರೂ ತೇಗದ ಪಕ್ಕ ಹಿಡಿದರೆ ಅದು ತೇಗವಲ್ಲ ಅನ್ನುವುದು ಮೂರು ಹೆಜ್ಜೆ ದೂರದಿಂದಲೇ ತಿಳಿಯುತ್ತಿತ್ತು. ಪೈನ್‌ನ ಅಗಲ ಪಟ್ಟಿ, ಗಂಟು ಯಾವ ಬಣ್ಣಕ್ಕೂ ಮರೆಯಾಗುವುದಿಲ್ಲ. ಹೋಲಿಸಿ ಸೋಲುವುದಕ್ಕಿಂತ ಬೇರೆಯಾಗಿಯೇ ಕಾಣಲಿ ಎಂದುಕೊಂಡು ಡ್ರಾಯರಿಗೆ ಪೇಂಟ್ ಹಾಕಲು ತೀರ್ಮಾನಿಸಿದೆ. ಎಳೆ ಕಾಣುವ ಪೇಂಟ್.

ಕೆಡಿಸಿದ ಹಲಗೆಯನ್ನು ಮತ್ತೆ ಉಜ್ಜಲು ಅರ್ಧ ದಿನ ಹಿಡಿಯಿತು. ಮೃದು ಪಟ್ಟಿಯೊಳಗೆ ಬಣ್ಣ ಆಳವಾಗಿ ಇಳಿದಿತ್ತು. ಬರೀ ಬೆರಳಿನಿಂದ ಕಾಗದ ಒತ್ತಿದರೆ ಮೃದು ಪಟ್ಟಿ ಮಾತ್ರ ಸವೆದು ಹಲಗೆ ಅಲೆಅಲೆಯಾಗುತ್ತದೆ, ಹಾಗಾಗಿ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿಯೇ ಉಜ್ಜಿದೆ.

ಎಳೆ ಕಾಣುವ ಪೇಂಟ್

ಗಂಟುಗಳಿಗೆ ಮೊದಲು ಅರಗು, ಎರಡು ಕೈ. ಇಲ್ಲದಿದ್ದರೆ ಅಲ್ಲಿನ ರಾಳ ತಿಂಗಳುಗಳ ನಂತರ ಹಳದಿ ಕಲೆಯಾಗಿ ಪೇಂಟಿನ ಮೇಲಕ್ಕೆ ಬರುತ್ತದೆ.

ನೀರಿನ ಮ್ಯಾಟ್ ಪೇಂಟನ್ನು ನೀರು ಬೆರೆಸಿ ತೆಳು ಮಾಡಿ, ಹಚ್ಚಿ, ಒರೆಸುವುದು ವಿಧಾನ. ಒಳಬದಿಯಲ್ಲಿ ಮೂರು ಬಣ್ಣ ನೋಡಿದೆ. ಅಚ್ಚ ಬಿಳಿ ಮೊದಲು ಹೋಯಿತು. ಬಿಳಿ ಪೇಂಟಿನಲ್ಲಿ ಸಾಮಾನ್ಯವಾಗಿ ಇರುವುದು ಟೈಟಾನಿಯಂ ಡೈಆಕ್ಸೈಡ್, ಅದರ ಮುಚ್ಚುವ ಶಕ್ತಿ ಬಹಳ. ಒಂದು ಪಾಲಿಗೆ ಒಂದು ಪಾಲು ನೀರು ಹಾಕಿದರೂ ಹಲಗೆ ಹಾಲು ಚೆಲ್ಲಿದಂತಿತ್ತು, ಗೆರೆ ಮುಳುಗಿತ್ತು. ನೀಲಿ ಕಡೆ ವಾಲಿದ ತಿಳಿ ಬೂದು ಡಬ್ಬಿಯಲ್ಲಿ ಚಂದವಿತ್ತು, ಮರದ ಮೇಲೆ ಹಸಿರಾಯಿತು. ಪೈನ್ ಹಳದಿ, ಅದರ ಮೇಲೆ ತೆಳು ನೀಲಿ ಬಿದ್ದರೆ ಇನ್ನೇನಾದೀತು! ಎಳೆ ಕಾಣಿಸುವ ಪೇಂಟಿನಲ್ಲಿ ಮರದ ಬಣ್ಣವೂ ಅರ್ಧ ಪಾಲುದಾರ. ಮೂರನೆಯದು ಮಣ್ಣಿನ ಛಾಯೆಯ ತಿಳಿ ಬೂದು, ಒಂದು ಪಾಲು ಪೇಂಟಿಗೆ ಎರಡು ಪಾಲು ನೀರು. ಪೈನ್‌ನ ಹಳದಿ ಅದರೊಳಗೆ ಸೇರಿ ಒಣಹುಲ್ಲಿನ ಬೂದಿಯಂಥ ಬಣ್ಣ ಬಂತು, ಗೆರೆಗಳು ಜೇನಿನ ಬಣ್ಣದಲ್ಲಿ ಉಳಿದವು.

ಎಳೆ ನಿಜವಾಗಿ ಕಾಣುತ್ತಿದೆಯೋ ನಮಗೆ ಅಭ್ಯಾಸವಾಗಿ ಹಾಗೆ ತೋರುತ್ತಿದೆಯೋ ತಿಳಿಯಲು ಒಂದು ಉಪಾಯ ಮಾಡಿದೆ. ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿದೆ. ಬಣ್ಣದಲ್ಲಿ ಬೇರೆಬೇರೆಯಾಗಿ ಕಂಡರೂ ತಿಳಿ ಗಾಢದಲ್ಲಿ ಎರಡೂ ಸಮವಾಗಿದ್ದರೆ ಗೆರೆ ಆ ಫೋಟೋದಲ್ಲಿ ಮಾಯವಾಗುತ್ತದೆ, ದೂರದಿಂದ ನೋಡುವ ಕಣ್ಣಿಗೂ ಮಾಯವಾಗುತ್ತದೆ. ಬಿಳಿಯ ಚೌಕದಲ್ಲಿ ಏನೂ ಉಳಿಯಲಿಲ್ಲ, ನೀಲಿ ಬೂದಿಯಲ್ಲಿ ಅರೆಬರೆ, ಮಣ್ಣಿನ ಬೂದಿಯಲ್ಲಿ ಪ್ರತಿ ಗೆರೆಯೂ ಇತ್ತು.

ಹಚ್ಚುವಾಗ ಒಂದು ಡ್ರಾಯರ್ ಪೂರ್ತಿ ಮುಗಿಸಿಯೇ ಇನ್ನೊಂದು ಮುಟ್ಟಿದೆ. ಕುಂಚದಿಂದ ಬಳಿದು, ಒಂದು ನಿಮಿಷ ಕಾದು, ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಉದ್ದಕ್ಕೆ ಒಂದೇ ಸಮ ಒರೆಸುವುದು. ಮೂರು ನಿಮಿಷ ಬಿಟ್ಟರೆ ತೆಳು ಪೇಂಟ್ ಅಂಚಿನಿಂದ ಹಿಡಿಯತೊಡಗುತ್ತದೆ, ಒರೆಸಿದರೆ ಪಟ್ಟೆ ಬೀಳುತ್ತದೆ. ಒಣಗಿದಾಗ ಹೆಚ್ಚು ತೆಳು ಅನ್ನಿಸಿ ಇನ್ನೊಂದು ಕೈ ಕೊಡಲು ಮನಸ್ಸು ಎಳೆಯಿತು. ಒಳಬದಿಯಲ್ಲಿ ಎರಡು ಕೈ ಕೊಟ್ಟ ಚೌಕ ನೋಡಿದ್ದರಿಂದ ತಡೆದುಕೊಂಡೆ. ಎರಡನೆಯ ಕೈಗೆ ಗಟ್ಟಿ ಗೆರೆಗಳೂ ಮುಚ್ಚಿಹೋಗಿದ್ದವು.

ಮೇಲಿನ ಪದರ, ಜೋಡಣೆ

ಇಲ್ಲಿಯೂ ಎರಡು ಮರಕ್ಕೆ ಎರಡು ಬಗೆ. ತೇಗಕ್ಕೆ ಅಂಬರ್ ಎರಡು ದಿನ ಒಣಗಿದ ಮೇಲೆ ಅರಗಿನ ಇನ್ನೊಂದು ಕೈ, ಅದರ ಮೇಲೆ ಎಣ್ಣೆ ವಾರ್ನಿಷ್‌ಗೆ ಸಮಪಾಲು ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ಮೂರು ಕೈ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ. ವಾರ್ನಿಷ್‌ನ ಹಳದಿ ತೇಗಕ್ಕೆ ಒಪ್ಪುತ್ತದೆ. ಹೊಳಪು ಸ್ಯಾಟಿನ್ ಮಟ್ಟದ್ದು. ಪೂರ್ತಿ ಮ್ಯಾಟ್ ವಾರ್ನಿಷ್ ಬೆಳಕನ್ನು ಚದುರಿಸಿ ಗಾಢ ಗೆರೆಗಳ ಮೇಲೆ ಮಂಜು ಕವಿದಂತೆ ಮಾಡುತ್ತದೆ. ಡ್ರಾಯರಿಗೆ ಅದೇ ವಾರ್ನಿಷ್ ಹಾಕಿದ್ದರೆ ಬೂದು ಹಳದಿಗೆ ತಿರುಗುತ್ತಿತ್ತು. ಅಲ್ಲಿ ನೀರಿನ ಪಾರದರ್ಶಕ ಫಿನಿಶ್, ಎರಡು ಕೈ.

ಡ್ರಾಯರ್ ಕೂರಿಸಿ ಅಕ್ಕನನ್ನು ಕರೆದೆ. ಅವಳು ಪೀಠದ ಮೇಲೆ ಅಂಗೈ ಇಟ್ಟು ಉದ್ದಕ್ಕೆ ಸವರಿದಳು, ಆಮೇಲೆ ಬಗ್ಗಿ ಡ್ರಾಯರ್ ನೋಡಿದಳು. "ಇದು ಬೇರೆ ಮರ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ," ಅಂದಳು.

ಹಿಂದಿನ ಎಡಗಾಲಿನ ಮೇಲ್ತುದಿಯಲ್ಲಿ ಹಳೆಯ ಕೆಂಪು ಇನ್ನೂ ಸ್ವಲ್ಪ ಇದೆ. ಅದನ್ನು ತಗ್ಗಿಸಲು ಆ ಕಾಲಿಗೆ ಅಂಬರ್ ಇನ್ನೊಂದು ಕೈ ಬೇಕಿತ್ತು, ಆಗ ಉಳಿದ ಮೂರಕ್ಕಿಂತ ಅದು ಕಪ್ಪಾಗುತ್ತಿತ್ತು. ಗೋಡೆಯ ಕಡೆ ಇರುವ ಕಾಲು, ಹಾಗೇ ಬಿಟ್ಟಿದ್ದೇನೆ. ಡೈಯ ಹದ, ಅಂಬರ್‌ನ ಅಳತೆ, ಪೇಂಟಿಗೆ ಬೆರೆಸಿದ ನೀರಿನ ಪಾಲು ಎಲ್ಲವನ್ನೂ ಬಲಗಡೆ ಡ್ರಾಯರಿನ ತಳಕ್ಕೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಪೀಠದ ಅಡಿಯ ಆರು ಚೌಕಗಳನ್ನೂ ಉಜ್ಜದೆ ಉಳಿಸಿದ್ದೇನೆ, ಮುಂದೆ ಯಾರಾದರೂ ಇದಕ್ಕೆ ಕೈ ಹಾಕಿದರೆ ಮೇಜು ತಿರುಗಿಸಿದಾಗ ಕಾಣಲಿ ಎಂದು.